ಸದ್ದು ಮಾಡದ ಕೈಗಳು

ಎಮ್ಮೆದೊಡ್ಡಿ ಕಾವಲಿನಲ್ಲಿ ಒಮ್ಮೆ ಸಾವಿರದ ಇನ್ನೂರು ಅಮೃತಮಹಲ್ ದನಗಳು ಹುಲ್ಲಿನ ವಿಚಾರಕ್ಕೆ ಮಹಾಸಭೆ ಸೇರಿದ್ದವಂತೆ. ಎಲ್ಲವೂ ಒಟ್ಟಿಗೆ ಅಂಬಾ ಎಂದರೂ ಯಾವ ಅಂಬಾ ಯಾವ ಹಸುವಿನದು ಎಂದು ಬಿಡಿಸಿ ಬರೆದು, ಕೊನೆಗೆ ದೊಡ್ಡ ಹೋರಿಯ ಗೊರಸಿಗೆ ಮಸಿ ಹಚ್ಚಿ ಅಧ್ಯಕ್ಷರ ಸಹಿಯ ಜಾಗದಲ್ಲಿ ಒತ್ತಿಸಿಕೊಂಡು ಬಂದವರು ಪಂಚಾಕ್ಷರಪ್ಪನವರು. ಇದಕ್ಕೆ ಸಾಕ್ಷಿ ಯಾರು ಅಂದರೆ, ಅದೂ ಪಂಚಾಕ್ಷರಪ್ಪನವರೇ.

ಶಿವನಿ ಸ್ಟೇಷನ್ನಿನಿಂದ ಎರಡು ಮೈಲಿ ಆಚೆ, ಕರೆಕಲ್ಲುಹಳ್ಳಿಯ ರೈತರ ಸಹಕಾರ ಸಂಘಕ್ಕೆ ಅವರು ಹದಿನೆಂಟು ವರ್ಷದಿಂದ ಕಾರ್ಯದರ್ಶಿ. ಸಭೆಯಲ್ಲಿ ಯಾರು ಏನಂದರು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಪರವಾಗಿ ಎಷ್ಟು ಕೈ, ವಿರೋಧವಾಗಿ ಎಷ್ಟು ಕೈ, ಎಲ್ಲ ಅವರ ನಡವಳಿ ಪುಸ್ತಕಕ್ಕೆ ಇಳಿಯಬೇಕು. ಹೋದ ವರ್ಷ ಮಲ್ಲಿಕಾರ್ಜುನಯ್ಯ ಒಂದು ಗಂಟೆ ಬೆವರಿಳಿಸಿ ಮಾಡಿದ ಭಾಷಣವನ್ನು ಅವರು ‘ಮಲ್ಲಿಕಾರ್ಜುನಯ್ಯನವರೂ ಮಾತನಾಡಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಆ ಮನುಷ್ಯ ಆವತ್ತಿನಿಂದ ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ.

ಅದಕ್ಕೇ ಎಂಬತ್ತನಾಲ್ಕರ ಮಹಾಸಭೆಗೆ ಪಂಚಾಕ್ಷರಪ್ಪನವರು ತರೀಕೆರೆಯ ಅಳಿಯನ ಟೇಪ್ ರೆಕಾರ್ಡರ್ ಹೊತ್ತು ತಂದರು. ಅಧ್ಯಕ್ಷರ ಮೇಜಿನ ಮೇಲೆ ದೇವರ ಪೆಟ್ಟಿಗೆಯ ಹಾಗೆ ಇಟ್ಟರು.

“ಇನ್ಮೇಲೆ ನಾನು ಬರಿಯೋದೇ ಬ್ಯಾಡ,” ಎಂದರು. “ಇರುವೆ ಕೆಮ್ಮಿದ್ರೂ ಇದು ಹಿಡಕಂತದೆ.”

“ಇರುವೆ ಬಿಡಪ್ಪಾ, ಈ ಸಲ ನನ್ನ ಭಾಷಣ ಹಿಡಕಂಡ್ರೆ ಸಾಕು,” ಎಂದ ಮಲ್ಲಿಕಾರ್ಜುನಯ್ಯ.

ಸಭೆಗೆ ಲಕ್ಷ ಜನ ಸೇರಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ, ಹೆಬ್ಬೆಟ್ಟೂ ಸೇರಿ, ಎಂಬತ್ತಮೂರು. ಕೋರಂ ಆಯಿತು. ಹಿಂದಿನ ನಡವಳಿ ಓದಿದರು, ವರದಿ ಒಪ್ಪಿದರು. ನಾಲ್ಕನೇ ವಿಷಯಕ್ಕೆ ಬೆಂಕಿ ಹೊತ್ತಿಕೊಂಡಿತು. ಹೊಸ ಗೊಬ್ಬರದ ಗೋದಾಮು ಎಲ್ಲಿ ಕಟ್ಟಬೇಕು, ಸ್ಟೇಷನ್ ರಸ್ತೆಯಲ್ಲೋ, ಊರೊಳಗೆ ಅರಳಿಕಟ್ಟೆಯ ಪಕ್ಕವೋ? ಸ್ಟೇಷನ್ ರಸ್ತೆಯ ಹಟ್ಟಿಯ ದುರ್ಗಮ್ಮ ಎದ್ದು, “ಊರೊಳಗಿಂದ ನಮ್ಮ ಹೊಲಕ್ಕೆ ಮೂಟೆ ಹೊತ್ತು ಹೊತ್ತು ನನ್ನ ಕತ್ತು ಭುಜದೊಳಕ್ಕೆ ಇಳ್ದೋಗ್ಯದೆ, ನೋಡ್ರಪ್ಪಾ,” ಎಂದಳು. ಮಲ್ಲಿಕಾರ್ಜುನಯ್ಯ ಅರಳಿಕಟ್ಟೆಯ ಕಡೆ. ಒಟ್ಟು ಹತ್ತೊಂಬತ್ತು ಜನ ಮಾತಾಡಿದರು. ಅದರಲ್ಲಿ ಹನ್ನೊಂದು ಜನ ಒಟ್ಟಿಗೇ ಮಾತಾಡಿದರು.

ಅಧ್ಯಕ್ಷ ದೇವೀರಪ್ಪನವರು ಮೇಜು ಕುಟ್ಟಿದರು. “ಸ್ಟೇಷನ್ ರಸ್ತೆಗೆ ಒಪ್ಪೋರು ಕೈ ಎತ್ತಿ. ಪಂಚಾಕ್ಷರಪ್ನೋರೆ, ಎಣಿಸಿ.”

ಕೈಗಳು ಎದ್ದವು.

“ಆಯ್ತು ಅಧ್ಯಕ್ಷರೇ!”

“ಅರಳಿಕಟ್ಟೆಗೆ?”

ಮತ್ತೆ ಕೈಗಳು ಎದ್ದವು.

“ಆಯ್ತು ಅಧ್ಯಕ್ಷರೇ!”

“ಎರಡೂ ಸರಿಸಮ ಕಾಣ್ತವಲ್ರಪ್ಪಾ,” ಎಂದರು ದೇವೀರಪ್ಪನವರು. ಎರಡೂ ಕಡೆ ಅವರಿಗೆ ಬೀಗರಿದ್ದರು. “ಅಂಕಿ ಇಲ್ಲೇ ಹೇಳಿದ್ರೆ ಇಲ್ಲೇ ಕುಸ್ತಿ ಆಯ್ತದೆ. ಸೋಮವಾರ ಬೋರ್ಡಿಗೆ ಹಾಕಿ. ಜಾಸ್ತಿ ಬಂದದ್ದು ಪಾಸು,” ಎಂದು ಎದ್ದೇಬಿಟ್ಟರು.

ಮನೆಗೆ ಬಂದು ಪಂಚಾಕ್ಷರಪ್ಪನವರು ಜಗಲಿಯಲ್ಲಿ ಟೇಪ್ ಹಾಕಿಕೊಂಡು ನಡವಳಿ ಬರೆಯಲು ಕೂತರು. ಮಾತೆಲ್ಲ ಮುತ್ತಿನ ಹಾಗೆ ಬಂತು. ಮಲ್ಲಿಕಾರ್ಜುನಯ್ಯನ ಭಾಷಣ ಐದು ಪುಟ ತಿಂದಿತು. ಆಮೇಲೆ ‘ಕೈ ಎತ್ತಿ’ ಎಂದ ಅಧ್ಯಕ್ಷರ ದನಿ. ಆಮೇಲೆ ಒಂದು ಕೆಮ್ಮು, ಬಳೆಯ ಸದ್ದು, ಕಾಗೆ. ಆಮೇಲೆ ತಮ್ಮದೇ ದನಿ: ‘ಆಯ್ತು ಅಧ್ಯಕ್ಷರೇ!’

ಹಿಂದಕ್ಕೆ ತಿರುಗಿಸಿ ಕೇಳಿದರು. ಕೆಮ್ಮು, ಬಳೆ, ಕಾಗೆ. ಇನ್ನೊಮ್ಮೆ ತಿರುಗಿಸಿದರು. ಕಾಗೆಗೂ ಬೇಸರ ಬಂದಿರಬೇಕು.

ಅಕ್ಕಿ ಆರಿಸುತ್ತಿದ್ದ ಹೆಂಡತಿ ಕಾಶಮ್ಮ ತಲೆ ಎತ್ತಿದಳು. “ಏನ್ರೀ ಹುಡುಕ್ತಾ ಇದೀರ ಅದ್ರಾಗೆ?”

“ಕೈ ಕಣೇ. ಎಷ್ಟು ಕೈ ಅಂತ.”

“ಕೈ ಎತ್ತಿದ್ರೆ ಹೆಂಗ್ರೀ ಸದ್ದಾಯ್ತದೆ? ನೀವು ಎಣಿಸ್ಲಿಲ್ವಾ?”

“ಎಣಿಸದೆ ಇರ್ತೀನಾ!” ಎಂದು ಗದರಿದರು ಪಂಚಾಕ್ಷರಪ್ಪನವರು. ಎಣಿಸಲಿಲ್ಲ ಎಂದು ಗೊತ್ತಾದರೆ ಹದಿನೆಂಟು ವರ್ಷದ ಕಾರ್ಯದರ್ಶಿಗಿರಿ ಒಂದೇ ದಿನಕ್ಕೆ ಗಂಟುಮೂಟೆ ಕಟ್ಟುತ್ತದೆ.

ಅವರು ಯೋಚಿಸಿದರು. ಅಧ್ಯಕ್ಷರಿಗೆ ಎರಡೂ ಸರಿಸಮ ಕಂಡವು ಅಂದಮೇಲೆ ಹೆಚ್ಚೂಕಡಿಮೆ ಒಂದು ಕೈಯಷ್ಟೇ ವ್ಯತ್ಯಾಸ. ಹಾಜರಿ ಎಂಬತ್ತಮೂರು. ಒಂದು ಕಡೆ ನಲವತ್ತೆರಡು, ಇನ್ನೊಂದು ಕಡೆ ನಲವತ್ತೊಂದು. ಯಾವ ಕಡೆ ಯಾವುದು? ಮಲ್ಲಿಕಾರ್ಜುನಯ್ಯನ ಐದು ಪುಟ ಬರೆದ ಕೈ ನೋಯುತ್ತಿತ್ತು. ಆ ನೋವೇ ತೀರ್ಮಾನ ಹೇಳಿತು. ಸ್ಟೇಷನ್ ರಸ್ತೆಗೆ ನಲವತ್ತೆರಡು.

ಸೋಮವಾರ ಸಂಘದ ಬಾಗಿಲಲ್ಲಿ ಬೋರ್ಡಿನ ಮುಂದೆ ಜನ ಜಮಾಯಿಸಿದರು. ಮಲ್ಲಿಕಾರ್ಜುನಯ್ಯ ಬೆರಳಿಟ್ಟು ಓದಿ, ಬೆರಳಲ್ಲೇ ಕೂಡಿಸಿದ.

“ಏನಪ್ಪಾ ಪಂಚಾಕ್ಷರಪ್ಪ, ನಲವತ್ತೆರಡೂ ನಲವತ್ತೊಂದೂ ಎಂಬತ್ತಮೂರು. ನಮ್ಮ ಗಿಡ್ಡಪ್ಪ ಹೆಬ್ಬೆಟ್ಟು ಒತ್ತಿದೋನು ಹಂಗೇ ರೈಲಿಗೆ ಓಡ್ದ. ಅವ್ನ ಕೈ ಮಾತ್ರ ಇಲ್ಲೇ ಬಿಟ್ಟೋಗಿದ್ನಾ?”

ಜನ ಗೊಳ್ಳೆಂದರು. ಅಧ್ಯಕ್ಷರೂ ಹೊರಗೆ ಬಂದರು. ಪಂಚಾಕ್ಷರಪ್ಪನವರು ಬಗ್ಗುವ ಜಾತಿಯಲ್ಲ. “ನನ್ ಮಾತ್ ಬ್ಯಾಡ, ಮಿಶಿನ್ ಮಾತ್ ಕೇಳಿ! ಮಿಶಿನ್ನಿಗೆ ಪಕ್ಷ ಇಲ್ಲ!” ಎಂದು ಟೇಪ್ ತಂದು ಹಾಕಿಯೇಬಿಟ್ಟರು.

‘ಸ್ಟೇಷನ್ ರಸ್ತೆಗೆ ಒಪ್ಪೋರು ಕೈ ಎತ್ತಿ…’ ಕೆಮ್ಮು, ಬಳೆ, ಕಾಗೆ. ‘ಆಯ್ತು ಅಧ್ಯಕ್ಷರೇ!’

“ಕೇಳಿದ್ರಾ? ಎಣಿಸಿದ್ದಕ್ಕೆ ಸಾಕ್ಷಿ!”

ಹಿಂದೆ ನಿಂತಿದ್ದ ದುರ್ಗಮ್ಮ ಮುಂದೆ ಬಂದಳು. ಗೆದ್ದವಳು ಅವಳೇ. ಆದರೂ ಮುಖದಲ್ಲಿ ನಗುವಿರಲಿಲ್ಲ. “ಇನ್ನೊಂದ್ ಸಲ ಹಾಕಿ ಸ್ವಾಮೇರೆ. ನಾನೂ ಎಣಿಸ್ತೀನಿ.”

“ನೀನೇನ್ ಎಣಿಸ್ತೀಯೇ ದುರ್ಗಮ್ಮಾ, ಕೈ ಕಾಣಲ್ವಲ್ಲ?”

“ಹಾಕಿ ಅಂದ್ನಲ್ಲ.”

ಸಿಂಗಟಗೆರೆ ಕಡೆಯ ತೋಟಗಳಲ್ಲಿ ಲಾರಿಗೆ ತೆಂಗಿನಕಾಯಿ ಎಣಿಸಿ ಹಾಕುವುದರಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿಲ್ಲ. ‘ಕೈ ಎತ್ತಿ’ ಎಂದು ಟೇಪ್ ಅಂದದ್ದೇ ತಡ, ಗಾಳಿಯಲ್ಲಿ ಕಾಯಿ ಎಸೆದ ಹಾಗೆ ಕೈ ಬೀಸುತ್ತ ಶುರು ಮಾಡಿದಳು. “ಒಂದು, ಎರಡು, ಮೂರು, ನಾಕು, ಐದು, ಆರು, ಏಳು, ಎಂಟು, ಒಂಬತ್ತು…”

‘ಆಯ್ತು ಅಧ್ಯಕ್ಷರೇ!’ ಎಂದಿತು ಟೇಪ್.

ದುರ್ಗಮ್ಮನ ಕೈ ಗಾಳಿಯಲ್ಲೇ ನಿಂತಿತು. “ಅಷ್ಟೊತ್ನಾಗೆ ನಂಗೆ ಒಂಬತ್ತೇ ಆಯ್ತು. ನಿಮಗೆ ನಲವತ್ತೆರಡು ಹೆಂಗಾಯ್ತು ಸ್ವಾಮೇರೆ?”

ಮಲ್ಲಿಕಾರ್ಜುನಯ್ಯ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೇಬಿಟ್ಟ. “ಲೇ ದುರ್ಗಮ್ಮಾ, ಗೆದ್ದಿರೋಳು ನೀನು ಕಣೇ!”

“ಗೆಲ್ಲಾದಾದ್ರೆ ಎಣಿಸ್ಕಂಡೇ ಗೆಲ್ಲಾನ. ಇಲ್ದಿದ್ರೆ ನಾಳೆ ಗೋದಾಮಿನ ಗೋಡೆ ಏಳೋಕೆ ನೀವ್ ಬಿಡ್ತೀರಾ?”

ದೇವೀರಪ್ಪನವರು ಬೋರ್ಡಿನ ಹಾಳೆಯನ್ನು ಕಿತ್ತು ಮಡಚಿದರು. “ಎಣಿಕೆ ಇಲ್ಲದ್ದು ಠರಾವೇ ಅಲ್ಲ. ಹೊಸದಾಗಿ ನೋಟಿಸ್ ಕೊಟ್ಟು ವಿಶೇಷ ಸಭೆ ಕರೀರಿ. ಈ ಕಡೆಯೋರೊಬ್ರು, ಆ ಕಡೆಯೋರೊಬ್ರು ನಿಂತ್ಕಂಡು ಎಣಿಸ್ಲಿ, ಅಂಕಿ ನಾನು ಅಲ್ಲೇ ಕೂಗಿ ಹೇಳ್ತೀನಿ. ಕುಸ್ತಿ ಆದ್ರೆ ಆಗ್ಲಿ. ನನ್ನದೂ ತಪ್ಪೇ.” ಕಾರ್ಯದರ್ಶಿಯ ಕಡೆ ತಿರುಗಿದರು. “ಈಗ ನಿಜ ಹೇಳಿ. ಆವತ್ತು ಎಷ್ಟು ಎಣಿಸಿದ್ರಿ?”

“ಮುಕ್ಕಾಲು ಪಾಲು ಎಣಿಸಿದ್ದೆ ಅಧ್ಯಕ್ಷರೇ. ಅಷ್ಟ್ರೊಳಗೆ ಕೈ ಇಳಿಸ್ಬಿಟ್ರು.”

ದುರ್ಗಮ್ಮ ಟೇಪಿನ ಗುಂಡಿಯ ಕಡೆ ಬೆರಳು ಚಾಚಿದಳು.

“ಅರ್ಧ. ಅರ್ಧ ಅಂತೂ ಸುಳ್ಳಲ್ಲ.”

ಬೆರಳು ಗುಂಡಿಯ ಮೇಲೆ ಕೂತಿತು.

“ಹತ್ತು…”

“ಸ್ವಾಮೇರೆ.”

ಪಂಚಾಕ್ಷರಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬಂದ ದನಿಯನ್ನು ಊರಿನವರು ಯಾರೂ ಅದುವರೆಗೆ ಕೇಳಿರಲಿಲ್ಲ, ಅಷ್ಟು ಸಣ್ಣದಿತ್ತು.

“ಒಂದೂ ಇಲ್ಲ ಕಣವ್ವಾ. ಟೇಪು ತಿರುಗೋದು ಚೆಂದ ಕಾಣ್ತಿತ್ತು. ಅದನ್ನೇ ನೋಡ್ತಾ ಕೂತಿದ್ದೆ. ತಲೇನೇ ಎತ್ತಲಿಲ್ಲ.”