ಕಾಣದ ಕೆಂಪು ಚುಕ್ಕಿ

ಅಕ್ಕ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವಳು, ತಮ್ಮ ಅನುವಾದಕ. ಇಬ್ಬರ ಕೆಲಸವೂ ಮನೆಯ ಮುಂದಿನ ಕೋಣೆಯಲ್ಲೇ. ಅವನ ಲಿನಕ್ಸ್ ಕಂಪ್ಯೂಟರಿನ ವೇಲ್ಯಾಂಡ್ ಪರದೆಯ ಮೇಲಂಚಿನಲ್ಲಿ ಸ್ಥಿತಿಗತಿ ತೋರಿಸುವ ವೇಬಾರ್ ಪಟ್ಟಿಯನ್ನು ಹೊಂದಿಸಿಕೊಟ್ಟವಳು ಅವಳೇ. ಅದರಲ್ಲಿ ಗಡಿಯಾರ, ಬ್ಯಾಟರಿ, ಜೊತೆಗೆ ಅವಳೇ ಬರೆದ ಒಂದು ಮಾಡ್ಯೂಲ್: ಅವನ ಫೈಲುಗಳ ಬ್ಯಾಕಪ್ ಆಗಿದ್ದರೆ ಚುಕ್ಕಿ ಹಸಿರು, ಕೈಕೊಟ್ಟರೆ ಕೆಂಪು.

ಬ್ಯಾಕಪ್ ನಿಂತು ವಾರವಾಗಿದೆ ಎಂದು ಅವಳಿಗೆ ಗೊತ್ತಾದದ್ದು ಇವತ್ತು. ಪಿತ್ತ ನೆತ್ತಿಗೇರಿತು.

“ಕಣ್ಣೇನು ಬಾಡಿಗೆಗೆ ಕೊಟ್ಟಿದ್ಯಾ? ಕೆಂಪಗೆ ಉರೀತಿದೆಯಲ್ಲೋ!”

“ಎಲ್ಲಕ್ಕಾ ಕೆಂಪು? ದಿನಾ ಇರೋ ಹಾಗೇ ಇದೆ.”

ಅವಳು ಪಟ್ಟಿಯ ಬಣ್ಣಗಳನ್ನು ನಿರ್ಧರಿಸುವ ಸ್ಟೈಲ್‌ಶೀಟ್ ತೆರೆದಳು. ನಿಯಮ ಸರಿಯಾಗೇ ಇತ್ತು. ಆದರೂ ಬಿಡದೆ ಕೆಂಪನ್ನು ಇನ್ನಷ್ಟು ಗಾಢ ಮಾಡಿದಳು.

“ಈಗ?”

“ಸ್ವಲ್ಪ ಮಬ್ಬಾಯ್ತು.”

ಅವಳ ಕೈ ಕೀಲಿಮಣೆಯ ಮೇಲೇ ನಿಂತಿತು. ಚಿಕ್ಕವನಿದ್ದಾಗ ಹಣ್ಣು ಟೊಮ್ಯಾಟೊ ತಾ ಎಂದರೆ ಕಾಯಿ ತರುತ್ತಿದ್ದ. ಮನೆಯವರೆಲ್ಲ ಸೋಮಾರಿ ಎಂದು ಬೈದರೆ, ಇವಳು ಕಾಯಣ್ಣ ಎಂದು ಹೆಸರಿಟ್ಟಿದ್ದಳು. ಇವತ್ತಿಗೂ ಅದೇ ಹೆಸರು. ಅದು ಸೋಮಾರಿತನವಲ್ಲ, ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತಿದ್ದವು.

ಬಣ್ಣದ ಹಂಗೇ ಬೇಡ ಎಂದುಕೊಂಡು ಪಟ್ಟು ಹಿಡಿದು ಕೂತಳು. ಚುಕ್ಕಿ ಕಿತ್ತಳು. ಅದನ್ನು ನಡೆಸುತ್ತಿದ್ದ ಸ್ಕ್ರಿಪ್ಟ್ ಬಣ್ಣದ ಜೊತೆಗೆ ಸ್ಥಿತಿಯ ಹೆಸರನ್ನೂ ಕಳಿಸುವಂತೆ ತಿದ್ದಿ, ಕಾನ್ಫಿಗ್ ಫೈಲಿನಲ್ಲಿ ಒಂದೊಂದು ಸ್ಥಿತಿಗೆ ಒಂದೊಂದು ಐಕಾನ್ ಕೊಟ್ಟಳು: ಆಗಿದ್ದರೆ ಸರಿ ಗುರುತು, ಕೆಟ್ಟರೆ ದಪ್ಪನೆಯ ಅಡ್ಡಗೀಟು. ಪಟ್ಟಿಯನ್ನು ಮತ್ತೆ ಲೋಡ್ ಮಾಡಿದಳು.

“ಅಕ್ಕಾ, ಬ್ಯಾಕಪ್ ಕೆಟ್ಟಿದೆ!” ಬಹುಮಾನ ಬಂದವನಂತೆ ಅವನು ಕೂಗಿದ.

“ಕಂಡಿತಲ್ಲ, ಕಾಯ…” ಎಂದವಳು ನಾಲಿಗೆ ಕಚ್ಚಿಕೊಂಡಳು.