ಗಿರಿಜಾ ಗ್ರೈಂಡರ್ ಬಿಡುಗಡೆಯ ಮಾತು

ಕಡೂರಿನ ಸ್ಟೇಷನ್ ರಸ್ತೆಯ ಕಲ್ಲೇಶಪ್ಪನವರ ಪಾತ್ರೆ ಅಂಗಡಿಯಲ್ಲಿ ಕಾಗದ ಪತ್ರ ಬರೆಯುವ ಕೆಲಸ ವಿಮಲಮ್ಮನದು. ಯಾರಿಗೆ ಏನು ಬರೆಯಬೇಕಾದರೂ ಸಾಹುಕಾರರು ಅರ್ಧ ಹೇಳುವಷ್ಟರಲ್ಲಿ ಅವಳ ಕೈ ಪೂರ್ತಿ ಮುಗಿಸಿರುತ್ತಿತ್ತು. ಹಾಗಾಗಿ ಗಿರಿಜಾ ಎಂಬ ಹೊಸ ವೆಟ್ ಗ್ರೈಂಡರಿನ ಏಜೆನ್ಸಿ ಕಲ್ಲೇಶಪ್ಪನವರಿಗೆ ಸಿಕ್ಕಿ, ಸುತ್ತಲಿನ ಡೀಲರುಗಳನ್ನೆಲ್ಲ ಕರೆದು ತೋರಿಸುವ ದಿನ ಗೊತ್ತಾದಾಗ, ಸಭೆ ನಡೆಸುವವನ ಮಾತು ಬರೆಯುವ ಕೆಲಸವೂ ಅವಳ ಪಾಲಿಗೇ ಬಂತು.

ಮಾತಾಡುವವನು ಅಜ್ಜಂಪುರದ ಮಲ್ಲಿಕಾರ್ಜುನಪ್ಪ. ಊರೂರ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡುವವನು. ಅವನು ನಕ್ಕರೆ ತಗಡಿನ ಚಪ್ಪರ ನಡುಗುತ್ತದೆ ಎಂಬ ಹೆಸರಿತ್ತು. ವಿಮಲಮ್ಮ ಅವನ ಗಂಟಲಿಗೆ ಅಳತೆ ತೆಗೆದು ಅಂಗಿ ಹೊಲಿದ ಹಾಗೆ ಮಾತು ಬರೆದಳು. ಮೊದಲು ಸ್ವಾಗತ: ಡೀಲರುಗಳ ಹೆಸರು ಅಂಗಡಿಯ ದೊಡ್ಡಸ್ತಿಕೆ ನೋಡಿ ಅಲ್ಲ, ಊರಿನ ಅಕ್ಷರಾನುಕ್ರಮದಲ್ಲಿ, ಯಾರ ಮುಖವೂ ಊದಿಕೊಳ್ಳದ ಹಾಗೆ. ಆಮೇಲೆ ಒರಳುಕಲ್ಲಿನ ಕಷ್ಟದ ಬಗ್ಗೆ ನಾಲ್ಕು ನಗೆಮಾತು. ಯಂತ್ರಕ್ಕೆ ಹೊದಿಸಿದ ಬಟ್ಟೆ ಸರಿಯುವವರೆಗೆ ಅದರ ಹೆಸರು ಎತ್ತಬಾರದು. ಸರಿದ ಮೇಲೆ ಮಾತ್ರ ‘ಗಿರಿಜಾ’ ಎನ್ನಬೇಕು, ಗಟ್ಟಿಯಾಗಿ. ಕೂಡಲೇ ಸ್ವಿಚ್ಚು, ಉದ್ದಿನಬೇಳೆ. ಹಿಟ್ಟು ನುರಿಯುವಷ್ಟು ಹೊತ್ತು ಗ್ಯಾರಂಟಿ, ಬೆಲ್ಟು, ಬಿಡಿಭಾಗಗಳ ವಿವರ. ಹಿಟ್ಟಾಗುವುದಕ್ಕೂ ವಿವರ ಮುಗಿಯುವುದಕ್ಕೂ ಸರಿಹೋಗಬೇಕು. ಆಗ ಬಿಸಿ ವಡೆ. ಬೆಲೆ, ಕಮಿಷನ್ನಿನ ಮಾತು ಮಾತ್ರ ಕಂಪನಿಯವರೇ ಆಡಬೇಕು, ಅದೂ ಬಾಯಲ್ಲಿ ವಡೆ ಇರುವಾಗ.

ಬೆಂಗಳೂರಿನಿಂದ ಬಂದ ಕಂಪನಿಯ ಸೇಲ್ಸ್ ಆಫೀಸರ್ ಹನುಮಂತಯ್ಯ ಇದನ್ನೆಲ್ಲ ಓದಿ ಬಹಳ ಖುಷಿಪಟ್ಟರು. ಒಂದು ಹಾಳೆಯ ಮೇಲೆ ಮಾತ್ರ ಉದ್ದಕ್ಕೆ ಗೀಟು ಹಾಕಿದರು.

“ಇದೇನಮ್ಮ, ‘ಕರೆಂಟು ಹೋದರೆ ಹೇಳುವ ಮಾತು’ ಅಂತ?”

“ಇದು ಕಡೂರು ಸಾರ್.”

“ಬಿಡುಗಡೆ ದಿನ ಅಪಶಕುನ ಬೇಡ. ಹೊಸ ಮೆಷಿನ್ ಪಕ್ಕ ನಿಂತು ಕರೆಂಟು ಹೋಗೋ ಮಾತು ಆಡ್ತಾರಾ ಯಾರಾದ್ರೂ?”

ವಿಮಲಮ್ಮ ಆ ಹಾಳೆ ತೆಗೆದಿಟ್ಟಳು. ವಾದ ಮಾಡಲಿಲ್ಲ, ಆದರೆ ಮರೆಯಲೂ ಇಲ್ಲ.

ಕಾರ್ಯಕ್ರಮದ ಬೆಳಿಗ್ಗೆ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಬೆಂಚು ಹಾಕಿ, ಮೇಜಿನ ಮೇಲೆ ಗ್ರೈಂಡರ್ ಇಟ್ಟು, ಅದಕ್ಕೆ ಕೆಂಪು ಜರಿಯ ಬಟ್ಟೆ ಹೊದಿಸಿದ್ದರು. ಅಡುಗೆಯ ತೀರ್ಥಮ್ಮ ಬೇಳೆ ನೆನೆಹಾಕಿ ಎಣ್ಣೆಯ ಬಾಣಲೆ ತೊಳೆದಿಟ್ಟಿದ್ದಳು. ತರೀಕೆರೆಯಿಂದ ಪಾತ್ರೆ ವ್ಯಾಪಾರದ ದೇವೀರಪ್ಪ ಮಲ್ಲಿಗೆ ಬಿಳುಪಿನ ಪಂಚೆಯಲ್ಲಿ ಬಂದು ಮುಂದಿನ ಬೆಂಚು ಪೂರ್ತಿ ತುಂಬಿಕೊಂಡು ಕೂತರು. ಪಂಚನಹಳ್ಳಿಯಿಂದ ಮೋಟರು, ವೈರಿನ ಅಂಗಡಿಯ ಕರಿಯಣ್ಣ ಬಂದ. ಲಕ್ಕವಳ್ಳಿಯವರು, ಬೀರೂರಿನವರು ಎಲ್ಲ ಬಂದರು. ಕಡೆಗೆ ಅಜ್ಜಂಪುರದ ಬಸ್ಸಿನಿಂದ ಮಲ್ಲಿಕಾರ್ಜುನಪ್ಪ ಇಳಿದ. ಕತ್ತಿಗೆ ಉಣ್ಣೆಯ ಮಫ್ಲರ್ ಸುತ್ತಿತ್ತು.

“ಯಾಕೆ ಮಲ್ಲಿಕಾರ್ಜುನಣ್ಣ?” ಎಂದಳು ವಿಮಲಮ್ಮ.

ಅವನು ಬಾಯಿ ತೆಗೆದ. ಒಳಗಿಂದ ಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವ ಸದ್ದು. ಬುಕ್ಕಾಂಬುಧಿಯಲ್ಲಿ ನಿನ್ನೆ ನಾಟಕ. ಜನ ಒನ್ಸ್ ಮೋರ್ ಅಂದಷ್ಟೂ ಸಲ ತೊಡೆ ಮುರಿಸಿಕೊಂಡು ಅರಚಿದ್ದಾನೆ.

ಕಲ್ಲೇಶಪ್ಪನವರು ಹಣೆ ಚಚ್ಚಿಕೊಂಡರು. ಹನುಮಂತಯ್ಯ ಟೈ ಸಡಿಲಿಸಿದರು. ಆಮೇಲೆ ಇಬ್ಬರೂ ಒಟ್ಟಿಗೆ ವಿಮಲಮ್ಮನ ಕಡೆ ತಿರುಗಿದರು.

“ಅಯ್ಯೋ, ನಾನಾ? ನಾನು ಬರೆಯೋಳು ಸಾವ್ಕಾರ್ರೇ!”

“ಬರ್ದಿದ್ದನ್ನ ಓದಕ್ಕೇನು ಕಷ್ಟ? ಓದ್ಬಿಡು ತಾಯಿ, ನನ್ನ ಮಾನ ಉಳ್ಸು.”

ಸೆರಗು ಸರಿಮಾಡಿಕೊಳ್ಳುವುದಕ್ಕೂ ಬಿಡದೆ ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಮೈಕು ದುರ್ಯೋಧನನ ಎತ್ತರಕ್ಕಿತ್ತು. ಅದನ್ನು ಇಳಿಸುವಾಗ ಕೀರಲು ಸದ್ದು ಬಂದು ಎಲ್ಲರೂ ಕಿವಿ ಮುಚ್ಚಿಕೊಂಡರು. ಹೆಸರುಗಳ ಪಟ್ಟಿ ಹೇಗೋ ಮುಗಿಯಿತು; ಒಬ್ಬೊಬ್ಬರೂ ತಮ್ಮ ಹೆಸರು ಬಂದಾಗ ಅರ್ಧ ಎದ್ದು ಕೈಮುಗಿದರು. ಆ ಧೈರ್ಯದಲ್ಲಿ ಮುಂದಿನ ಹಾಳೆಗೆ ಹೋದವಳು ಕಣ್ಣು ಮೇಲೆತ್ತದೆ ಓದಿದಳು:

“ಬಂಧುಗಳೇ, ನಾನು ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಒರಳಿನ ಮುಂದೆ ಕೂತರೆ...”

ಮೊದಲು ಕರಿಯಣ್ಣ ಸದ್ದಿಲ್ಲದೆ ಅಲುಗಾಡತೊಡಗಿದ, ದೇವೀರಪ್ಪನ ಹೊಟ್ಟೆ ಕುಣಿಯಿತು, ಕಡೆಗೆ ಇಡೀ ಹಾಲೇ ಬಿದ್ದು ಬಿದ್ದು ನಕ್ಕಿತು. ಮೂಲೆಯಲ್ಲಿ ಮಲ್ಲಿಕಾರ್ಜುನಪ್ಪ ದನಿಯಿಲ್ಲದೆ ನಗುತ್ತ ಮಫ್ಲರಿನಿಂದ ಕಣ್ಣೊರೆಸಿಕೊಂಡ. ವಿಮಲಮ್ಮನ ಮುಖ ಕೆಂಪು ಬಟ್ಟೆಗಿಂತ ಕೆಂಪಾಯಿತು. ಓಡಿಹೋಗಬೇಕು ಅನ್ನಿಸಿತು. ಆದರೆ ಕೆಳಗಿಂದ ಎಲ್ಲಿಂದಲೋ ಅವಳಿಗೂ ನಗು ಉಕ್ಕಿ ಬಂತು, ಅದರ ಜೊತೆ ಒಂದು ಬಗೆಯ ಹುಚ್ಚು ಧೈರ್ಯವೂ.

“ಈ ಮಾತು ಗಂಡಸಿಗೆ ಅಂತ ಬರ್ದಿದ್ದು ಕಣ್ರೀ,” ಎಂದಳು ಹಾಳೆ ಮಡಚುತ್ತ. “ಈಗ ಹೇಳೋಳು ನಾನು. ಹಂಗಾಗಿ ನೇರವಾಗೇ ಕೇಳ್ತೀನಿ. ಇಲ್ಲಿರೋ ಯಜಮಾನ್ರುಗಳಲ್ಲಿ ಒಂದು ಸಲನಾದ್ರೂ ಒರಳಲ್ಲಿ ಹಿಟ್ಟು ರುಬ್ಬಿರೋರು ಕೈಯೆತ್ತಿ.”

ಒಂದು ಕೈಯೂ ಏಳಲಿಲ್ಲ.

“ಸರಿ ಹೋಯ್ತು. ನಾಳೆ ಅಂಗಡಿಗೆ ಬಂದ ಹೆಂಗಸು ‘ಇದ್ರಿಂದ ನಂಗೇನು ಸುಖ’ ಅಂದ್ರೆ ಏನು ಹೇಳ್ತೀರಿ? ಬೆಲ್ಟು, ಮೋಟ್ರು ಅಂತೀರಾ?”

ದೇವೀರಪ್ಪ ಕೂತಲ್ಲಿಂದಲೇ, “ಅದೇನಮ್ಮ ಬ್ರಹ್ಮವಿದ್ಯೆನಾ? ಒಂದು ಗುಂಡು ತಿರುಗಿಸೋದು!” ಎಂದರು.

“ಹಂಗಾದ್ರೆ ಬನ್ನಿ ದೇವೀರಪ್ಪನೋರೇ. ನೀವು ಒರಳಲ್ಲಿ, ನಾವು ಮೆಷಿನ್ನಲ್ಲಿ. ಒಂದೇ ಅಳತೆ ಬೇಳೆ.”

ಹನುಮಂತಯ್ಯ ಪಕ್ಕದಿಂದ, “ಇದು ಸ್ಕ್ರಿಪ್ಟಲ್ಲಿ ಇಲ್ಲಮ್ಮ!” ಎಂದು ಪಿಸುಗುಟ್ಟಿದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಇನ್ನೊಂದು ಸುತ್ತು ನಗು. ಇನ್ನು ಹಿಂದೆ ಸರಿದರೆ ತರೀಕೆರೆಯ ಮರ್ಯಾದೆ ಹೋಗುತ್ತದೆಂದು ದೇವೀರಪ್ಪ ಎದ್ದರು. ಅಡುಗೆಮನೆಯ ಬಾಗಿಲ ಬಳಿಯೇ ನೆಲಕ್ಕೆ ಹೂತ ಒರಳಿತ್ತು. ಪಂಚೆ ಮೇಲೆ ಕಟ್ಟಿ, ಕೈ ತೊಳೆದು, ಅವರು ಮಣೆಯ ಮೇಲೆ ಕೂತರು. ತೀರ್ಥಮ್ಮ ಎರಡು ಕಡೆಗೂ ಸಮನಾಗಿ ಬೇಳೆ ಅಳೆದಳು.

ಆಗ ವಿಮಲಮ್ಮ ಬಟ್ಟೆ ಎಳೆದು, “ಗಿರಿಜಾ!” ಎಂದಳು. ಮಲ್ಲಿಕಾರ್ಜುನಪ್ಪನಿಗೆಂದು ಬರೆದ ಆ ಒಂದು ಕೂಗು ಅವಳ ಗಂಟಲಿನಿಂದಲೇ ಹಾಲಿನ ಆಚೆಗೂ ಹೋಯಿತು. ಸ್ವಿಚ್ಚು ಒತ್ತಿದರು. ಡ್ರಮ್ಮು ಗರಗರನೆ ತಿರುಗಿತು, ಒಳಗೆ ಕಲ್ಲುಗಳು ಉರುಳಿದವು. ಇತ್ತ ದೇವೀರಪ್ಪನ ಗುಂಡು ಎರಡು ಸುತ್ತು ಸುತ್ತಿ ಮೂರನೆಯದಕ್ಕೆ ಅಡ್ಡ ಬಿತ್ತು. ಬೇಳೆಯೆಲ್ಲ ಹೊರಕ್ಕೆ ಹಾರಿತು.

“ಒಂದು ಕೈಯಲ್ಲಿ ತಿರುಗಿಸ್ಬೇಕು, ಇನ್ನೊಂದು ಕೈಯಲ್ಲಿ ಒಳಗೆ ತಳ್ಬೇಕು ಯಜಮಾನ್ರೇ,” ಎಂದಳು ತೀರ್ಥಮ್ಮ.

“ಬೆರಳು ಸಿಕ್ಕಾಕ್ಕಂಡ್ರೆ?”

“ಅದಕ್ಕೇ ಹುಷಾರಾಗಿ ತಳ್ಬೇಕು!”

ವಿಮಲಮ್ಮ ಗ್ರೈಂಡರಿಗೆ ನೀರು ಚಿಮುಕಿಸುತ್ತ, ಮೋಟರಿನ ಗ್ಯಾರಂಟಿ, ಬೆಲ್ಟು ಸಡಿಲವಾದರೆ ಬಿಗಿ ಮಾಡುವ ಬಗೆ, ಹಿಟ್ಟು ತೆಗೆಯಲು ಡ್ರಮ್ಮನ್ನು ವಾಲಿಸುವುದು ಎಲ್ಲ ಹೇಳುತ್ತ ಹೋದಳು. ನಡುನಡುವೆ ಆಟದ ವರದಿಯಂತೆ, “ತರೀಕೆರೆಗೆ ಬೆವರು ಬಂತು! ತರೀಕೆರೆ ನೀರು ಕೇಳ್ತಾ ಇದೆ!” ಎನ್ನುವಳು. ಡೀಲರುಗಳು ಬೆಂಚಿನ ಮೇಲೆ ಹತ್ತಿ ನಿಂತಿದ್ದರು.

ಹಿಟ್ಟು ಅರ್ಧ ನುರಿದಿರಬಹುದು. ಗರಗರ ನಿಂತಿತು. ಫ್ಯಾನು ನಿಂತಿತು. ಮೈಕು ಸತ್ತಿತು.

“ಕರೆಂಟು ಹೋಯ್ತು! ಗೆದ್ದೆ ಗೆದ್ದೆ!” ಎಂದು ದೇವೀರಪ್ಪ ಒರಳಿನಿಂದ ಕೂಗಿದರು. ಹನುಮಂತಯ್ಯ ಕುರ್ಚಿಗೆ ಕುಸಿದರು.

ವಿಮಲಮ್ಮ ಮೊದಲು ಮಾಡಿದ ಕೆಲಸ ಸ್ವಿಚ್ಚು ಆರಿಸಿದ್ದು. ಆಮೇಲೆ ಮೈಕು ಬಿಟ್ಟು ಮುಂದೆ ಬಂದಳು. ಗೀಟು ಹಾಕಿದ್ದ ಹಾಳೆ ಅವಳ ಬಳಿ ಇರಲಿಲ್ಲ, ಬೇಕಾಗಿರಲೂ ಇಲ್ಲ.

“ನಾನೇನು ಮಾಡ್ದೆ, ನೋಡಿದ್ರಾ? ಕರೆಂಟು ಹೋದ ತಕ್ಷಣ ಸ್ವಿಚ್ಚು ಆಫ್ ಮಾಡ್ದೆ. ಇದನ್ನ ನೀವು ಒಬ್ಬೊಬ್ಬ ಗಿರಾಕಿಗೂ ಹೇಳ್ಬೇಕು. ಇಲ್ಲಾಂದ್ರೆ ಅಡುಗೆಮನೇಲಿ ಯಾರೂ ಇಲ್ದಾಗ ಕರೆಂಟು ಬಂದು ತಾನಾಗೇ ತಿರುಗಕ್ಕೆ ಶುರುವಾಗುತ್ತೆ. ತುಂಬಿದ ಡ್ರಮ್ಮನ್ನ ಕಡಿಮೆ ವೋಲ್ಟೇಜಲ್ಲಿ ಎಳೆಯಕ್ಕೆ ಹೋಗಿ ಮೋಟ್ರು ಬಿಸಿಯಾಗುತ್ತೆ. ಸುಟ್ಟೋದ್ರೆ ಬೈಸ್ಕೊಳೋರು ನೀವು.”

ಕರಿಯಣ್ಣ ಬೆಂಚಿನಿಂದ ಇಳಿದು ಹತ್ತಿರ ಬಂದ. ಮೋಟರೆಂದರೆ ಅವನಿಗೆ ಊಟ ನಿದ್ದೆ ಬೇಡ. “ನಮ್ಮೂರಲ್ಲಿ ಬೋರ್‌ವೆಲ್ ಎಲ್ಲಾ ಓಡೋ ಹೊತ್ತಲ್ಲಿ ಬಲ್ಬು ಬೆಂಕಿಕಡ್ಡಿ ಥರ ಉರಿಯುತ್ತೆ. ಆಗೇನಮ್ಮ ಮಾಡೋದು?”

“ಆಗ ರುಬ್ಬಬೇಡಿ ಅನ್ನಿ. ಲೈಟು ಚೆನ್ನಾಗಿ ಉರಿಯೋ ಹೊತ್ತು ನೋಡಿ ರುಬ್ಬಿ ಅನ್ನಿ. ಆಗಲ್ಲ ಅನ್ನೋದನ್ನ ಆಗುತ್ತೆ ಅಂತ ಮಾತ್ರ ಮಾರ್ಬೇಡಿ.”

ಕರಿಯಣ್ಣ ಹನುಮಂತಯ್ಯನವರ ಕಡೆ ನೋಡಿ ತಲೆದೂಗಿದ. ಆಮೇಲೆ ಒಬ್ಬರ ಹಿಂದೆ ಒಬ್ಬರು ಕೇಳತೊಡಗಿದರು: ಕಲ್ಲು ಸವೆದರೆ ಕಂಪನಿ ಕಳಿಸುತ್ತದೆಯೇ, ರಿಪೇರಿಗೆ ಕಡೂರಿನಲ್ಲೇ ಆಳಿದ್ದಾನೆಯೇ. ಕುಸಿದಿದ್ದ ಹನುಮಂತಯ್ಯ ಎದ್ದು ನಿಂತು ಉತ್ತರ ಕೊಡಲು ಶುರುಮಾಡಿದರು. ಟೈ ಯಾವಾಗ ಜೇಬಿಗೆ ಹೋಯಿತೋ ಅವರಿಗೇ ಗೊತ್ತಾಗಲಿಲ್ಲ. ಅತ್ತ ಒರಳಿನ ಹತ್ತಿರ ದೇವೀರಪ್ಪನ ಕೈ ಸೋತು ಲಕ್ಕವಳ್ಳಿಯವರು ಕೂತಿದ್ದರು, ಅವರನ್ನೆಬ್ಬಿಸಿ ಬೀರೂರಿನವರು.

ಫ್ಯಾನು ಅಲುಗಿತು. ಹಾಲಿಗೆ ಹಾಲೇ ಹೋ ಎಂದಿತು. ಬಲ್ಬು ಸರಿಯಾಗಿ ಉರಿಯುವವರೆಗೆ ಕಾದು, ಡ್ರಮ್ಮನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ವಿಮಲಮ್ಮ ಸ್ವಿಚ್ಚು ಹಾಕಿದಳು. ಗಿರಿಜಾ ಮತ್ತೆ ಗರಗರ ಅಂದಿತು.

ಹಿಟ್ಟು ನುಣ್ಣಗಾದ ಮೇಲೆ ತೀರ್ಥಮ್ಮ ಎರಡು ಲೋಟದಲ್ಲಿ ನೀರು ತಂದಿಟ್ಟಳು. ವಡೆ ಹಿಟ್ಟು ಹದವಾಗಿದ್ದರೆ ತೇಲಬೇಕು. ಗಿರಿಜಾದ ಹಿಟ್ಟಿನ ಉಂಡೆ ಬಿಟ್ಟಳು; ಹತ್ತಿಯ ಹಾಗೆ ಮೇಲೆ ನಿಂತಿತು. ದೇವೀರಪ್ಪ ತಮ್ಮ ಕೈಯಿಂದಲೇ ಒರಳಿನ ಹಿಟ್ಟಿನ ಉಂಡೆ ಬಿಟ್ಟರು. ಅದು ಲೋಟದ ತಳಕ್ಕೆ ಟಣ್ ಎಂದು ಹೋಗಿ ಕೂತಿತು.

“ಇದು ವಡೆಯಲ್ಲ ಕಣಪ್ಪ, ಗೋಲಿ!” ಎಂದ ಕರಿಯಣ್ಣ. ಆಮೇಲೆ ಯಾರು ಏನೆಂದರೆಂದು ಯಾರಿಗೂ ಕೇಳಿಸಲಿಲ್ಲ. ನಕ್ಕು ನಕ್ಕು ದೇವೀರಪ್ಪನೇ ಗೋಡೆಗೆ ಒರಗಿದರು, ಕೈ ಮೊಣಕೈವರೆಗೆ ಹಿಟ್ಟು.

“ಸಾಕು ತಾಯಿ,” ಎಂದರು ಉಸಿರು ಸಿಕ್ಕ ಮೇಲೆ. “ಮೊದಲನೇ ಮೆಷಿನ್ನು ನಮ್ಮ ಮನೆಗೇ. ಅಂಗಡಿಗೆ ಆಮೇಲೆ. ಇಷ್ಟು ವರ್ಷ ನಮ್ಮ ಮನೆಯೋಳು ನನ್ನನ್ನ ಈ ಒರಳಿಗೇ ಹಾಕಿ ಯಾಕೆ ರುಬ್ಬಲಿಲ್ಲ ಅಂತ ಆಶ್ಚರ್ಯ ಆಗ್ತಾ ಇದೆ.”

ಬಿಸಿ ವಡೆ ಬಂತು. ಬಾಯಿ ತುಂಬಿದ್ದಾಗಲೇ ಹನುಮಂತಯ್ಯ ಬೆಲೆಯ ಮಾತಾಡಿದರು. ಚೌಕಾಸಿ ಮಾಡಲು ಯಾರಿಗೂ ಬಾಯಿ ಖಾಲಿ ಇರಲಿಲ್ಲ. ಕಲ್ಲೇಶಪ್ಪನವರು ಆರ್ಡರ್ ಬರೆದುಕೊಳ್ಳುತ್ತ ಮತ್ತೆ ಮತ್ತೆ ಪೆನ್ನು ಕೊಡವುತ್ತಿದ್ದರು.

ವಿಮಲಮ್ಮ ಕೊನೆಗೆ ಒಂದು ತಟ್ಟೆ ಹಿಡಿದು ಕಿಟಕಿಯ ಪಕ್ಕ ಕೂತಳು. ಮನಸ್ಸು ಜಾತ್ರೆಯ ತೊಟ್ಟಿಲಿನಿಂದ ಆಗತಾನೇ ಇಳಿದವಳ ಹಾಗಿತ್ತು: ತಲೆ ತಿರುಗುತ್ತಿದೆ, ಇನ್ನೊಂದು ಸುತ್ತೂ ಬೇಕು. ಹನುಮಂತಯ್ಯ ಎದುರಿಗೆ ಬಂದು ನಿಂತರು.

“ಮುಂದಿನ ವಾರ ಹಾಸನದಲ್ಲಿ ಬಿಡುಗಡೆ ಇದೆಯಮ್ಮ. ಬರೆದೂ ಕೊಡಬೇಕು, ಮಾತೂ ಆಡಬೇಕು. ಸಾಹುಕಾರರು ಒಪ್ಪಿದ್ದಾರೆ.”

ಅವಳು ವಡೆ ಮುರಿಯುತ್ತ ಯೋಚಿಸಿದಳು.

“ಅಲ್ಲಿ ವೋಲ್ಟೇಜು ಹೆಂಗೆ ಸಾರ್?”

“ಇಲ್ಲಿಗಿಂತ ಮೋಸ.”

“ಹಂಗಾದ್ರೆ ಬತ್ತೀನಿ,” ಎಂದಳು ವಿಮಲಮ್ಮ.