ಮೂರನೇ ದಿನದ ಸಾರು

ಒಬ್ಬಟ್ಟಿನ ಸಾರಿನ ವಿಷಯದಲ್ಲಿ ಓಬಳಮ್ಮನಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಯುಗಾದಿಯ ದಿನ ಮಾಡಿದ್ದು ಬರೀ ಸಾರು, ಮಾರನೇ ದಿನ ಕಾಯಿಸಿದ್ದು ಒಳ್ಳೇ ಸಾರು, ಮೂರನೇ ದಿನ ಬತ್ತಿದ್ದೇ ಸಾರು ಎಂಬುದು ಅವಳ ಲೆಕ್ಕ. ಪಾವಗಡದ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಸೌಟು ಹಿಡಿದವಳು. ಹಬ್ಬಕ್ಕೆ ಊರಿಗೆ ಹೋಗದೆ ಉಳಿದ ಹುಡುಗಿಯರು ಮೂರನೇ ದಿನ ಬೆಳಿಗ್ಗೆ ತಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತು ಅವಳನ್ನು ಕಾಡುವುದೂ ಹತ್ತೊಂಬತ್ತು ವರ್ಷದಿಂದ ನಡೆದಿತ್ತು. ಕಾಡಿಸಿಕೊಳ್ಳುವುದು ಅವಳಿಗೆ ಬಲು ಇಷ್ಟ. ಬೈಯುತ್ತಲೇ ಬಡಿಸುತ್ತಿದ್ದಳು.

ಈ ಸಲ ಆ ಮೂರನೇ ದಿನವೇ ಹತ್ತನೇ ತರಗತಿಯ ಗಣಿತದ ಪರೀಕ್ಷೆ. ಇಪ್ಪತ್ತಾರು ಹುಡುಗಿಯರು ಅದಕ್ಕೆಂದೇ ಹಾಸ್ಟೆಲಿನಲ್ಲಿ ಉಳಿದಿದ್ದರು. ವಾರ್ಡನ್ ಮೇಡಂ ಹಬ್ಬಕ್ಕೆ ಊರಿಗೆ ಹೋದವರು ಆ ದಿನ ಮಧ್ಯಾಹ್ನ ಬರುವವರಿದ್ದರು. ಹಾಸ್ಟೆಲಿನ ಫ್ರಿಜ್ಜು ಕೆಟ್ಟು ವರ್ಷವಾಗಿತ್ತು, ಅದರೊಳಗೆ ಓಬಳಮ್ಮ ಒಣಮೆಣಸಿನಕಾಯಿ ತುಂಬಿದ್ದಳು. ಬಿಸಿಲಂತೂ ಬೆಳಿಗ್ಗೆ ಎಂಟಕ್ಕೇ ಗೋಡೆ ಮುಟ್ಟಲು ಬಿಡುತ್ತಿರಲಿಲ್ಲ.

ತಪ್ಪು ಆದದ್ದು ಹಿಂದಿನ ಸಂಜೆ. ಎರಡನೇ ದಿನ ಬೆಳಿಗ್ಗೆ ಸಾರನ್ನು ಚೆನ್ನಾಗಿ ಕುದಿಸಿದ್ದಳು, ಅದರಲ್ಲಿ ಮೋಸವಿರಲಿಲ್ಲ. ಸಂಜೆಗೆ ನೋಡಿದರೆ ದೊಡ್ಡ ಪಾತ್ರೆಯಲ್ಲಿ ಅರ್ಧಕ್ಕಿಂತ ಕಡಿಮೆ. ನಾಳೆ ಇಪ್ಪತ್ತಾರು ತಟ್ಟೆಗೆ ಆಗಬೇಕಲ್ಲ ಎಂದು ಮಧ್ಯಾಹ್ನ ಉಳಿದಿದ್ದ ತೊವ್ವೆಯನ್ನು ಕೈಯಲ್ಲೇ ಹಿಚುಕಿ ಅದಕ್ಕೆ ಸುರಿದಳು, ನೀರು ಬೆರೆಸಿದಳು, ಒಲೆಯ ಮೇಲಿಟ್ಟಳು. ಅಂಚಿನಲ್ಲಿ ಹಬೆಯಾಡಿ, ಇನ್ನೇನು ಕುದಿ ಬರಬೇಕು, ಸಿಲಿಂಡರು ಮುಗಿಯಿತು. ಇನ್ನೊಂದು ಸಿಲಿಂಡರು ಹಬ್ಬ ಕಳೆದು ಬರುವುದು. ಹಿತ್ತಲಲ್ಲಿ ಸೌದೆ ಒಲೆ ಇತ್ತು, ಸೌದೆಯೂ ಇತ್ತು. ಆದರೆ ಎರಡು ದಿನ ಒಬ್ಬಟ್ಟು ತಟ್ಟಿ ಅವಳ ಮೊಣಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಬಿಸಿಯಾಗಿಯೇ ಇದೆಯಲ್ಲ, ಬೆಳಿಗ್ಗೆ ಎದ್ದು ಕೊತಕೊತ ಕುದಿಸಿದರಾಯಿತು ಅಂದುಕೊಂಡು, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಗುಂಡುಕಲ್ಲು ಇಟ್ಟು ಮಲಗಿದಳು. ಸೋಮಾರಿತನಕ್ಕೆ ಕಾರಣ ಹುಡುಕುವುದು ಯಾರಿಗೂ ಕಷ್ಟವಲ್ಲ.

ಬೆಳಿಗ್ಗೆ ಐದೂವರೆಗೆ ತಟ್ಟೆ ತೆಗೆದಳು. ಪಾತ್ರೆ ಇನ್ನೂ ಉಗುರುಬೆಚ್ಚಗಿತ್ತು. ಮೂಗು ಹತ್ತಿರ ಹಿಡಿದು ನೋಡಿದಳು, ಹುಳಿ ವಾಸನೆಯಿಲ್ಲ, ನೊರೆಯಿಲ್ಲ, ನೂಲುನೂಲಾಗಿಲ್ಲ. ಸೌದೆ ಒಲೆ ಹಚ್ಚಿ ಅರ್ಧ ಗಂಟೆ ಕುದಿಸಿದಳು. ತಳದಿಂದ ಮೇಲೆ ಬರುವಂತೆ ತಿರುವಿದಳು. ಆದರೂ ಒಳಗೆ ಒಂದು ಅಳುಕು. ಅದಕ್ಕೇ ತನ್ನ ಹಳೆಯ ಪದ್ಧತಿಯಂತೆ, ಆರೂವರೆಗೆ ಒಂದು ಮುದ್ದೆಗೆ ಎರಡು ಸೌಟು ಸಾರು ಹಾಕಿಕೊಂಡು ತಾನೇ ಮೊದಲು ಉಂಡಳು. ತನಗೇನೂ ಆಗದಿದ್ದರೆ ಮಕ್ಕಳಿಗೂ ಆಗುವುದಿಲ್ಲ. ರುಚಿ ಎಂದಿಗಿಂತ ಒಂದು ಕೈ ಮೇಲಾಗಿತ್ತು. ಒಂದು ಗಂಟೆ ಕಳೆಯಿತು, ಹೊಟ್ಟೆ ತಣ್ಣಗಿತ್ತು, ಅಳುಕು ಹೋಯಿತು.

ಏಳೂಮುಕ್ಕಾಲಿಗೆ ಸುಗುಣ ಬಂದಳು. ಕುರಿ ಕಾಯುವವರ ಮನೆಯ ಹುಡುಗಿ, ತರಗತಿಗೇ ಮೊದಲಿಗಳು. ಗಣಿತದಲ್ಲಿ ಒಳ್ಳೆಯ ಅಂಕ ಬಂದರೆ ತುಮಕೂರಿನಲ್ಲಿ ವಿಜ್ಞಾನ ಓದಿಸಲು ಒಂದು ಕಾಲೇಜು ಫೀಸಿಲ್ಲದೆ ಸೀಟು ಕೊಡುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಇಲ್ಲದಿದ್ದರೆ ಮದುವೆ ಎಂದು ಅವಳ ಅಪ್ಪ ಹೇಳಿದ್ದ. ಆ ಮೇಷ್ಟ್ರು ಕೊನೆಗೊಮ್ಮೆ ಲೆಕ್ಕ ಹೇಳಿಕೊಡಲು ಪರೀಕ್ಷೆ ಶಾಲೆಯ ಹತ್ತಿರ ಎಂಟೂವರೆಗೇ ಬರಲು ಹೇಳಿದ್ದರಿಂದ ಅವಳಿಗೆ ಎಲ್ಲರಿಗಿಂತ ಮೊದಲು ಊಟ ಬೇಕಾಗಿತ್ತು. ಓಬಳಮ್ಮ ಬಿಸಿ ಅನ್ನದ ಮೇಲೆ ಸಾರು ಸುರಿದಳು. ಸಾಕು ಅಂದರೂ ಇನ್ನೊಂದು ಸೌಟು ಹಾಕಿದಳು. ಹುಡುಗಿ ಬೆರಳು ನೆಕ್ಕಿ, ಪೆನ್ನು ಎಣಿಸಿಕೊಂಡು ಹೊರಟುಹೋದಳು.

ಎಂಟೂವರೆಗೆ ಉಳಿದ ಇಪ್ಪತ್ತೈದು ಹುಡುಗಿಯರು ಸಾಲಾಗಿ ಕೂತರು. ಅನ್ನ ಬಡಿಸಿ ಆಯಿತು. ಸಾರಿನ ಬಕೆಟ್ಟಿಗೆ ಸೌಟು ಇಳಿಸಿದಾಗ ಓಬಳಮ್ಮನ ಬಾಯಲ್ಲಿ ನೀರೂರಿತು, ರುಚಿಗಲ್ಲ. ಹೊಟ್ಟೆ ಒಮ್ಮೆ ತೊಳಸಿತು. ಬೆವರು ಒರೆಸಿಕೊಂಡಳು, ಒಲೆಯ ಕಾವು ಅಂದುಕೊಂಡಳು. ಇನ್ನೊಮ್ಮೆ ತೊಳಸಿದಾಗ ಬಕೆಟ್ಟು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದಳು. ಉಂಡದ್ದೆಲ್ಲ ಹೊರಗೆ ಬಂತು.

ವಾಪಸು ಬಂದಾಗ ಒಬ್ಬಳು ತಾನೇ ಬಡಿಸಲು ಸೌಟು ಎತ್ತಿದ್ದಳು. ಓಬಳಮ್ಮ ಅದನ್ನು ಕಿತ್ತುಕೊಂಡಳು.

"ಯಾರೂ ಮುಟ್‌ಬ್ಯಾಡ್ರಿ. ಮಜ್ಜಿಗೆ ಐತೆ, ಉಪ್ಪಿನಕಾಯಿ ಐತೆ, ಉಂಡು ಹೋಗ್ರಿ."

ಹುಡುಗಿಯರು ಗೊಣಗಿದರು. ಸುಗುಣಳಿಗೆ ಮಾತ್ರ ಇಕ್ಕಿದೆಯಲ್ಲಜ್ಜಿ, ನಾವೇನು ಪಾಪ ಮಾಡಿದ್ದೆವು ಎಂದು ಒಬ್ಬಳು ಕೊಂಕು ನುಡಿದಳು. ಓಬಳಮ್ಮ ಪಾತ್ರೆಯನ್ನು ಇಬ್ಬರ ಕೈಲಿ ಹಿಡಿಸಿ ಚರಂಡಿಗೆ ಬಗ್ಗಿಸಿದಳು. ಅಷ್ಟು ಸಾರು ಹರಿದು ಹೋಗುವುದನ್ನು ಹತ್ತೊಂಬತ್ತು ವರ್ಷದಲ್ಲಿ ಅವಳು ನೋಡಿರಲಿಲ್ಲ. ಅದರ ಮೇಲೆ ಅವಳಿಗೆ ಕನಿಕರವೂ ಬರಲಿಲ್ಲ. ತಲೆಯಲ್ಲಿದ್ದದ್ದು ಆ ಇನ್ನೊಂದು ಸೌಟು.

ಸೆರಗಿಗೆ ಬಾಯೊರೆಸಿಕೊಂಡು ಪರೀಕ್ಷೆಯ ಶಾಲೆಗೆ ನಡೆದಳು. ಒಂದೂವರೆ ಮೈಲಿ. ದಾರಿಯಲ್ಲಿ ಎರಡು ಸಲ ಬೇಲಿ ಹಿಡಿದು ವಾಂತಿ ಮಾಡಿದಳು. ತಾನು ಉಂಡ ಎರಡು ಗಂಟೆಗೆ ಶುರುವಾಗಿದೆ. ಹುಡುಗಿ ಉಂಡದ್ದು ಏಳೂಮುಕ್ಕಾಲಿಗೆ. ಪರೀಕ್ಷೆ ಹತ್ತೂವರೆಗೆ. ಬೆರಳು ಮಡಚಿ ಎಣಿಸಿದಷ್ಟೂ ಲೆಕ್ಕ ಕೆಟ್ಟದಾಗಿಯೇ ಬರುತ್ತಿತ್ತು.

ಶಾಲೆಯ ಗೇಟಿನ ಒಳಗೆ ಬೇವಿನ ಮರದ ಕೆಳಗೆ ಸುಗುಣ ಪುಸ್ತಕ ಹಿಡಿದು ಕೂತಿದ್ದಳು. ಮುಖ ತಾಜಾ ಇತ್ತು. ಓಬಳಮ್ಮ ಅವಳ ಬಳಿಗೆ ಹೋಗದೆ, ಮೊದಲು ವರಾಂಡದಲ್ಲಿ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ನರ್ಸಮ್ಮನ ಹತ್ತಿರ ಹೋದಳು. ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದಳು. ಅರ್ಧ ಗಂಟೆ ಕುದಿಸಿದೆ ತಾಯಿ, ಅರ್ಧ ಗಂಟೆ, ಎಂದು ಎರಡೆರಡು ಸಲ ಹೇಳಿದಳು.

"ಅರ್ಧ ದಿನ ಕುದ್ಸಿದ್ರೂ ಅಷ್ಟೇ ಕಣಮ್ಮ," ಎಂದಳು ನರ್ಸಮ್ಮ. "ಕುದಿಸಿದ್ರೆ ಹುಳ ಸಾಯ್ತವೆ. ಅವು ರಾತ್ರಿಯೆಲ್ಲ ಬೆಚ್ಚಗೆ ಕೂತು ಬಿಟ್ಟಿರೋ ವಿಷ ಸಾಯಲ್ಲ. ಕೆಲವು ಹುಳ ಬೀಜದ ಥರ ಇರ್ತವೆ, ಕುದಿಯೋ ಸಾರಲ್ಲೂ ಸಾಯಲ್ಲ, ಉಗುರುಬೆಚ್ಚಗಾದಾಗ ಮೊಳೀತವೆ. ವಾಸನೆ, ರುಚಿ, ಯಾವ್ದೂ ಹೇಳಲ್ಲ."

ಮನೆಯಲ್ಲಿ ನಲವತ್ತು ವರ್ಷ ಕಾಯಿಸಿ ಇಟ್ಟು ಉಂಡಿದ್ದೇವಲ್ಲ ಎಂದು ಓಬಳಮ್ಮ ಕೇಳಿದಳು. ಮನೆಯದು ಸಣ್ಣ ಪಾತ್ರೆ, ಹುಳಿ ಜಾಸ್ತಿ, ಬೇಗ ಆರುತ್ತದೆ, ಹೊತ್ತು ಹೊತ್ತಿಗೆ ಕುದಿಯುತ್ತದೆ, ಆದರೂ ಅದೃಷ್ಟದ ಮಾತೇ ಅಂದಳು ನರ್ಸಮ್ಮ. ಆ ದೊಡ್ಡ ಪಾತ್ರೆ ಮುಚ್ಚಿಟ್ಟರೆ ಬೆಳಗಿನವರೆಗೆ ನಡುವೆ ಆರುವುದೇ ಇಲ್ಲ, ಅದರ ಮೇಲೆ ಕೈಯಾಡಿಸಿದ ಬೇಳೆ ಬೇರೆ. ಈಗ ಹುಡುಗಿಗೆ ಬೆರಳು ಹಾಕಿ ವಾಂತಿ ಮಾಡಿಸಿ ಪ್ರಯೋಜನವಿಲ್ಲ, ಉಂಡು ಎರಡು ಗಂಟೆ ಕಳೆದಿದೆ. ಬರಬಹುದು, ಬರದೆಯೂ ಇರಬಹುದು. ಬಂದರೆ ಉಪ್ಪು ಸಕ್ಕರೆಯ ನೀರು ಗುಟುಕು ಗುಟುಕಾಗಿ ಕುಡಿಸುವುದು, ಅಷ್ಟೇ. ಬಾಗಿಲ ಪಕ್ಕದ ಬೆಂಚು ಕೊಡಿಸುತ್ತೇನೆ ಎಂದು ಒಳಗೆ ಹೋದಳು. ಹೋಗುವ ಮೊದಲು ಓಬಳಮ್ಮನ ಕೈಗೂ ಆ ನೀರಿನ ಒಂದು ಬಾಟಲಿ ಕೊಟ್ಟಳು.

ಇನ್ನುಳಿದದ್ದು ಹುಡುಗಿಗೆ ಹೇಳುವುದು. ಹೇಳಿದರೆ ಹೆದರಿಕೆಗೇ ಅವಳಿಗೆ ಬರುವ ಲೆಕ್ಕವೂ ಮರೆತುಹೋದೀತು. ಹೇಳದಿದ್ದರೆ, ಲೆಕ್ಕದ ಮಧ್ಯೆ ಹೊಟ್ಟೆ ತೊಳಸಿದಾಗ ಏನಾಗುತ್ತಿದೆ ಎಂದೇ ತಿಳಿಯದೆ ಒದ್ದಾಡಿಯಾಳು. ಓಬಳಮ್ಮನಿಗೆ ಸುಮ್ಮನಿರುವ ಆಸೆ ಬಹಳವಾಯಿತು. ಏನೂ ಆಗದೆಯೂ ಇರಬಹುದಲ್ಲ? ಆಗ ಯಾರಿಗೂ ಗೊತ್ತಾಗುವುದೇ ಬೇಡ. ಹಿಂದಿನ ಸಂಜೆಯೂ ತಾನು ಹೀಗೇ ಯೋಚಿಸಿದ್ದು ಎಂದು ನೆನಪಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಹೋಗಿ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತಳು.

"ಮಗಾ, ನಾ ಇಕ್ಕಿದ ಸಾರು ಕೆಟ್ಟಿತ್ತು. ನಂಗೆ ವಾಂತಿ ಆಗೈತೆ. ನಿಂಗೂ ಆಗ್‌ಬೌದು. ತಪ್ಪು ನಂದು."

ಸುಗುಣ ಪುಸ್ತಕ ಮುಚ್ಚಿದಳು.

"ಯಾವಾಗ ಆಗುತ್ತಜ್ಜಿ?"

"ಗೊತ್ತಿಲ್ಲ ಮಗಾ."

"ಹಂಗಾರೆ ದೊಡ್ಡ ಲೆಕ್ಕ ಮೊದ್ಲು ಮಾಡ್ಲಾ, ಸಣ್ಣವಾ?"

ಓಬಳಮ್ಮನಿಗೆ ಅಕ್ಷರ ಬಾರದು. ಈ ಪ್ರಶ್ನೆಯನ್ನು ಯಾರಾದರೂ ತನ್ನನ್ನು ಕೇಳಿಯಾರು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ನಿನಗೆ ಸಲೀಸಾದದ್ದನ್ನು ಮೊದಲು ಮುಗಿಸು ಎಂದು, ಅಡುಗೆಮನೆಯ ಬುದ್ಧಿಯನ್ನೇ ಹೇಳಿದಳು. ಬಾಟಲಿಯನ್ನು ಅವಳ ಕೈಗಿಟ್ಟಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಗೇಟಿನ ಹೊರಗೆ, ಪೊಲೀಸಿನವನು ಎಷ್ಟು ಗದರಿಸಿದರೂ, ಕಬ್ಬಿಣದ ಸರಳು ಹಿಡಿದು ನಿಂತಳು. ಅಲ್ಲಿಂದ ನಲ್ಲಿಯೂ ಬಾಗಿಲೂ ಕಾಣುತ್ತಿದ್ದವು. ಹತ್ತೂಮುಕ್ಕಾಲು. ಹನ್ನೊಂದು. ಬಾಗಿಲಿಂದ ಯಾರೂ ಬರಲಿಲ್ಲ. ತನ್ನ ಹೊಟ್ಟೆಯ ನೋವು ಅವಳಿಗೆ ಒಳ್ಳೆಯದೇ ಅನ್ನಿಸುತ್ತಿತ್ತು, ಎಲ್ಲ ತನಗೇ ಬಂದು ತೀರಿಹೋಗಲಿ ಎಂದು. ಹನ್ನೊಂದೂಕಾಲಿಗೆ ದೇವರಿಗೆ ಹರಕೆ ಹೊತ್ತಳು. ಹನ್ನೊಂದೂವರೆಗೆ ಸುಗುಣ ಬಾಯಿ ಮುಚ್ಚಿಕೊಂಡು ಬಾಗಿಲಿಂದ ಓಡಿಬಂದಳು.

ನಲ್ಲಿಯ ಹತ್ತಿರ ಬಗ್ಗಿ ನಿಂತ ಆ ಎಳೆ ಬೆನ್ನು ಏಳುತ್ತ ಇಳಿಯುತ್ತ ಇತ್ತು. ನರ್ಸಮ್ಮ ತಲೆ ಹಿಡಿದುಕೊಂಡಳು. ಹಿಂದೆ ಬಂದ ಪರೀಕ್ಷಾ ಕೊಠಡಿಯ ಮೇಡಂ ಕೈಗಡಿಯಾರ ನೋಡಿಕೊಂಡರು. ಮುಖ ತೊಳೆದುಕೊಂಡು ಹುಡುಗಿ ಒಳಗೆ ಹೋದಳು. ಕಾಲು ಗಂಟೆಗೆ ಮತ್ತೆ ಬಂದಳು. ಮೂರನೇ ಸಲ ಬಂದಾಗ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಗೋಡೆ ಹಿಡಿದು ನಡೆದಳು. ನರ್ಸಮ್ಮ ಸಾಕು ಮಲಗು ಅಂದದ್ದೂ, ಅವಳು ಒಲ್ಲೆನೆಂದು ತಲೆಯಾಡಿಸಿದ್ದೂ ಗೇಟಿನಿಂದ ಕಂಡಿತು. ಆ ಸಲ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಓಬಳಮ್ಮ ಸರಳಿಗೆ ಹಣೆ ಒತ್ತಿ ನಿಂತಳು.

ಒಂದೂಮುಕ್ಕಾಲಿಗೆ ಬಿಟ್ಟರು. ಸುಗುಣ ಕೊನೆಯವಳಾಗಿ ಬಂದಳು. ತುಟಿ ಬಿಳಿಚಿಕೊಂಡಿತ್ತು, ಬಾಟಲಿ ಖಾಲಿಯಾಗಿತ್ತು. ಆಟೋ ಹತ್ತಿಸಿ, ಪಕ್ಕದಲ್ಲಿ ಕೂತು, ಓಬಳಮ್ಮ ಕೇಳಲೋ ಬೇಡವೋ ಎಂದು ಒಂದು ತಿರುವಿನವರೆಗೆ ತಡೆದುಕೊಂಡಳು. ಆಮೇಲೆ ಕೇಳಿದಳು.

"ಪಾಸ್ ಆಗ್ತೀನಿ ಬಿಡಜ್ಜಿ," ಎಂದಳು ಸುಗುಣ. "ದೊಡ್ಡವು ನಾಕು ಬಿಟ್ಟೆ. ಬರ್ತಿದ್ವು. ಹೊತ್ತು ಸಾಲ್ಲಿಲ್ಲ."

ಬರೀ ಪಾಸಾಗುವವರಿಗೆ ತುಮಕೂರಿನ ಆ ಸೀಟು ಕೊಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹುಡುಗಿ ಅಳಲಿಲ್ಲ. ಹಾಸ್ಟೆಲಿನಲ್ಲಿ ಕೇಳಿದರೆ ದಾರಿಯಲ್ಲಿ ಕಲ್ಲಂಗಡಿ ತಿಂದೆ ಅಂತೀನಿ, ನಿನ್ನ ಕೆಲಸಕ್ಕೆ ತೊಂದರೆಯಾಗುವುದು ಬೇಡ ಎಂದಳು. ಓಬಳಮ್ಮ ಬೇಡವೆಂದಳು. ವಾರ್ಡನ್ ಮೇಡಂ ಬಂದಿರುತ್ತಾರೆ, ನಾನೇ ಹೇಳುತ್ತೇನೆ, ನಿಮ್ಮಪ್ಪನಿಗೂ ನಾನೇ ಹೇಳುತ್ತೇನೆ, ಕಾಲು ಹಿಡಿಯುವುದಾದರೆ ಕಾಲು ಹಿಡಿಯುತ್ತೇನೆ ಎಂದಳು. ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುದುಕಿ ಅಳುವುದನ್ನು ನೋಡಲಾರದೆ ಸುಗುಣ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು.

"ರುಚಿ ಒಂಚೂರೂ ಕೆಟ್ಟಿರ್ಲಿಲ್ಲಜ್ಜಿ. ಚೆನ್ನಾಗಿತ್ತು."

"ರುಚಿ ಕೆಟ್ಟಿದ್ರೆ ನೀ ಉಣ್ತಿರ್ಲಿಲ್ಲ ಮಗಾ," ಎಂದಳು ಓಬಳಮ್ಮ.